ಮಂಡಿ ನೀರಿನ ಸ್ಲೈಡಿನಲ್ಲಿ ಹಳದಿ ಹರಳು: ಗೌಟ್ ಎಂದು ಬರೆಯಬಹುದೇ?

ಯಾದಗಿರಿ ಲ್ಯಾಬ್

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಸಣ್ಣ ಖಾಸಗಿ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ. ನಿನ್ನೆ ಸಂಜೆ 72 ವರ್ಷದ ಅಜ್ಜಿಯೊಬ್ಬರ ಬಲ ಮಂಡಿಯಿಂದ ತೆಗೆದ ಸುಮಾರು 20 ಮಿ.ಲೀ. ನೀರು ನಮ್ಮಲ್ಲಿಗೆ ಬಂದಿದೆ. ಎರಡು ದಿನಗಳಿಂದ ಮಂಡಿ ಊದಿ, ಬಿಸಿಯಾಗಿ, ಕಾಲು ಊರಲಾಗದಷ್ಟು ನೋವಿದೆ ಎಂದು ಚೀಟಿಯಲ್ಲಿದೆ. ಹೊರಗೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ 7.6 ಬಂದಿದೆಯಂತೆ. ಕೇಳಿರುವ ಪ್ರಶ್ನೆ ಒಂದೇ: ಗೌಟ್ ಹರಳು ಇದೆಯೇ?

ನೀರು ಹಳದಿಯಾಗಿ ಮಬ್ಬಾಗಿದೆ. ಕೊಳವೆಯ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಲಾಗುವುದಿಲ್ಲ. ನಮ್ಮಲ್ಲಿ ಪೋಲರೈಸಿಂಗ್ ಮೈಕ್ರೋಸ್ಕೋಪ್ ಇಲ್ಲ. ಸಾಮಾನ್ಯ ಮೈಕ್ರೋಸ್ಕೋಪಿನ ದೀಪದ ಮೇಲೆ ಒಂದು ಪೋಲರೈಸರ್ ಹಾಳೆ, ತಲೆಯನ್ನು ಬಿಚ್ಚಿ ಅದರ ಕೆಳಗೆ ಇನ್ನೊಂದು ಹಾಳೆ, ನಡುವೆ ಎರಡು ಪದರ ಪಾರದರ್ಶಕ ಟೇಪ್ ಅಂಟಿಸಿದ ಗಾಜಿನ ಸ್ಲೈಡ್ ಇಟ್ಟುಕೊಂಡಿದ್ದೇನೆ. ಟೇಪನ್ನು ಓರೆಯಾಗಿ ತಿರುಗಿಸಿದಾಗ ಇಡೀ ನೋಟ ಗುಲಾಬಿ ಬಣ್ಣಕ್ಕೆ ಬರುತ್ತದೆ. ಅದರಲ್ಲಿ ತುಂಬ ಹೊಳೆಯುವ ಚೂರುಗಳು ಕಾಣುತ್ತಿವೆ. ಕೆಲವು ಉದ್ದವಾಗಿ ಸೂಜಿಯಂತಿದ್ದು ಹಳದಿಯಾಗಿವೆ. ಇದನ್ನು ಗೌಟ್ ಎಂದು ಬರೆದುಕೊಡಬಹುದೇ? ಇನ್ನೊಂದು ವಿಷಯ: ಬಿಳಿ ರಕ್ತಕಣ ಎಣಿಸಲು ನಾವು ರಕ್ತಕ್ಕೆ ಬಳಸುವ ದ್ರಾವಣವನ್ನೇ ಬೆರೆಸಿದಾಗ ಪಿಪೆಟ್ಟಿನಲ್ಲಿ ಲೋಳೆಯಂತೆ ಗಂಟು ಕಟ್ಟಿತು. ಇದು ಏಕೆ ಹೀಗಾಗುತ್ತದೆ?

ಬೀದರ್ ಪಿಜಿ

ಹಳದಿ ಬಂದರೆ ಗೌಟ್, ನೀಲಿ ಬಂದರೆ ಸೂಡೋಗೌಟ್ ಎಂದೇ ನಾವು ಪರೀಕ್ಷೆಗೆ ಓದಿಕೊಂಡಿರುವುದು. ಗೌಟಿನ ಯೂರೇಟ್ ಹರಳು ಸೂಜಿಯಾಕಾರದಲ್ಲಿದ್ದು ಜೋರಾಗಿ ಹೊಳೆಯುತ್ತದೆ. ಸೂಡೋಗೌಟಿನ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು ಗಿಡ್ಡವಾಗಿ, ಮಂಕಾಗಿರುತ್ತದೆ. ನಿಮ್ಮದು ಹೊಳೆಯುವ ಹಳದಿ ಸೂಜಿ, ರಕ್ತದಲ್ಲಿ ಯೂರಿಕ್ ಆಮ್ಲವೂ ಹೆಚ್ಚಿದೆ. ಎರಡೂ ಕೂಡಿ ಬಂದಿರುವಾಗ ಸಂಶಯಕ್ಕೆ ಎಡೆ ಎಲ್ಲಿದೆ? ಗೌಟ್ ಎಂದು ಬರೆಯಿರಿ.

ಕಲಬುರಗಿ ಪೆಥಾಲಜಿ

ಇನ್ನೂ ಬರೆಯಬೇಡಿ. ಬೀದರಿನ ಡಾಕ್ಟರು ಹೊಳಪಿನ ಬಗ್ಗೆ ಹೇಳಿದ್ದು ಸರಿ, ಬಣ್ಣದ ಬಗ್ಗೆ ಹೇಳಿದ್ದು ಅರ್ಧ ಮಾತ್ರ ಸರಿ. ಯಾವುದೇ ಹರಳಿಗೆ ತನ್ನದೇ ಆದ ಬಣ್ಣವಿಲ್ಲ. ಅದು ಮಲಗಿರುವ ದಿಕ್ಕಿಗೆ ತಕ್ಕಂತೆ ಬಣ್ಣ ಬರುತ್ತದೆ. ನಿಮ್ಮ ಟೇಪು ಮಾಡುತ್ತಿರುವುದು ಕಾಂಪೆನ್ಸೇಟರಿನ ಕೆಲಸ; ಅದರೊಳಗೆ ಬೆಳಕು ನಿಧಾನವಾಗಿ ಸಾಗುವ ದಿಕ್ಕೇ ನಿಧಾನ ಅಕ್ಷ. ಆ ಅಕ್ಷಕ್ಕೆ ಸಮಾನಾಂತರವಾಗಿ ಮಲಗಿದ ಯೂರೇಟ್ ಸೂಜಿ ಹಳದಿಯಾಗಿ ಕಾಣುತ್ತದೆ, ಅದೇ ಸೂಜಿ ಅಡ್ಡಲಾಗಿ ಮಲಗಿದರೆ ನೀಲಿಯಾಗುತ್ತದೆ. ಪೈರೋಫಾಸ್ಫೇಟಿಗೆ ಇದು ತಿರುವುಮುರುವು. ಹಾಗಾಗಿ ಒಂದೇ ಸ್ಲೈಡಿನಲ್ಲಿ ಗೌಟ್ ಹರಳುಗಳು ಹಳದಿಯಾಗಿಯೂ ನೀಲಿಯಾಗಿಯೂ ಸಿಗುತ್ತವೆ, ಸೂಡೋಗೌಟ್ ಹರಳುಗಳೂ ಹಾಗೆಯೇ ಸಿಗುತ್ತವೆ. ನಿಮ್ಮ ಟೇಪಿನ ನಿಧಾನ ಅಕ್ಷ ಯಾವ ಕಡೆಗಿದೆ ಎಂದು ಗೊತ್ತಾಗುವವರೆಗೆ ನೀವು ಕಂಡ ಹಳದಿಯಿಂದ ಏನನ್ನೂ ಹೇಳಲು ಬರುವುದಿಲ್ಲ. ದೊಡ್ಡ ಕಂಪನಿಗಳ ಕಾಂಪೆನ್ಸೇಟರಿನ ಮೇಲೆ ಆ ಅಕ್ಷದ ಗುರುತು ಕೆತ್ತಿರುತ್ತದೆ. ಟೇಪಿನ ಮೇಲೆ ಯಾರೂ ಕೆತ್ತಿರುವುದಿಲ್ಲ.

ಯೂರಿಕ್ ಆಮ್ಲ 7.6 ಇರುವುದು ಇಲ್ಲಿ ನಿರ್ಣಾಯಕವಲ್ಲ. ಅಷ್ಟಿದ್ದೂ ಜೀವಮಾನವಿಡೀ ಗೌಟ್ ಬಾರದವರು ಬಹಳ ಜನರಿದ್ದಾರೆ. ಗೌಟ್ ಕೆರಳಿದ ದಿನವೇ ರಕ್ತದ ಮಟ್ಟ ಸಹಜ ಮಿತಿಯೊಳಗೆ ಇಳಿದಿರುವುದೂ ಉಂಟು.

ಗಂಟು ಕಟ್ಟಿದ್ದಕ್ಕೆ ಕಾರಣ ನಿಮ್ಮ ದ್ರಾವಣದಲ್ಲಿರುವ ಅಸಿಟಿಕ್ ಆಮ್ಲ. ಕೀಲಿನ ನೀರಿಗೆ ಅಂಟುತನ ಕೊಡುವ ಹಯಲುರೊನಿಕ್ ಆಮ್ಲವು ಅದು ತಗುಲಿದ ಕೂಡಲೇ ಪ್ರೋಟೀನಿನೊಂದಿಗೆ ಸೇರಿ ಹೆಪ್ಪುಗಟ್ಟುತ್ತದೆ, ಕಣಗಳೂ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬದಲಿಗೆ ನಾರ್ಮಲ್ ಸಲೈನ್ ಬಳಸಿ. ಕಣಗಳ ನ್ಯೂಕ್ಲಿಯಸ್ ಕಾಣಲು ಅದಕ್ಕೆ ಚೂರು ಮೆಥಿಲೀನ್ ಬ್ಲೂ ಸೇರಿಸಿಕೊಳ್ಳಿ.

ಇನ್ನು ನನಗೆ ಮೂರು ವಿಷಯ ತಿಳಿಸಿ. ಈ ಮಂಡಿಗೆ ಇತ್ತೀಚೆಗೆ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದಾರೆಯೇ? ಸ್ಲೈಡಿಗೆ ಹಾಕಿದ ಹನಿಯನ್ನು ಯಾವ ಕೊಳವೆಯಿಂದ ತೆಗೆದಿರಿ? ಮೇಲಿನ ಪೋಲರೈಸರ್ ತೆಗೆದು, ಬರಿಯ ಬೆಳಕಿನಲ್ಲಿ ಅದೇ ಸ್ಲೈಡನ್ನು ನೋಡಿದ್ದೀರಾ?

ಸೇಡಂ ಶಿಕ್ಷಕ

ಎಲ್ಲರಿಗೂ ಶರಣು. ನಾನು ವೈದ್ಯಕೀಯದವನಲ್ಲ, ಪ್ರೌಢಶಾಲೆಯ ಶಿಕ್ಷಕ. ನಮ್ಮ ತಂದೆಯವರಿಗೆ ಹಲವು ವರ್ಷಗಳಿಂದ ಗೌಟ್ ಇದೆ. ಅವರಿಗೆ ಮೂತ್ರದ ಬಣ್ಣ ಹಳದಿಯಾಗಿಯೇ ಬರುತ್ತದೆ. ಇಲ್ಲಿ ಹೇಳುತ್ತಿರುವ ಹಳದಿ ಅದೇ ಎಂದು ಭಾವಿಸಿ ಓದತೊಡಗಿದೆ. ಹಾಗಾದರೆ ನಾವು ತೊಗರಿ ಬೇಳೆಯನ್ನು ಪೂರ್ತಿ ಬಿಡಬೇಕೇ? ಸೇಡಂ ಸೀಮೆಯಲ್ಲಿ ಹುಟ್ಟಿ ಬೇಳೆ ಬಿಟ್ಟು ಉಣ್ಣುವುದು ಹೇಗೆ ಎಂಬುದು ಮನೆಯಲ್ಲಿ ದಿನವೂ ನಡೆಯುವ ಜಗಳ. ಅವರ ಕೈಬೆರಳಿನ ಗಂಟೊಂದು ಒಮ್ಮೊಮ್ಮೆ ಒಡೆದು ಸೀಮೆಸುಣ್ಣದಂತಹ ಬಿಳಿ ಪದಾರ್ಥ ಹೊರಬರುತ್ತದೆ. ಅದನ್ನು ಈ ಬೆಳಕಿನಲ್ಲಿ ಪರೀಕ್ಷೆ ಮಾಡಿಸಬೇಕೇ?

ಕಲಬುರಗಿ ಪೆಥಾಲಜಿ

ಸರ್, ಇಲ್ಲಿ ನಡೆಯುತ್ತಿರುವುದು ಮೂತ್ರದ ಮಾತಲ್ಲ. ಮಂಡಿಯೊಳಗಿನ ನೀರನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡುವ ಮಾತು. ಮೂತ್ರದ ಹಳದಿಗೂ ಇದಕ್ಕೂ ಸಂಬಂಧವಿಲ್ಲ. ಬೇಳೆಯ ವಿಷಯವನ್ನು ತಂದೆಯವರ ವೈದ್ಯರೊಂದಿಗೆ ಮಾತನಾಡಿ. ಆದರೆ ಗೌಟಿನ ವಿಷಯದಲ್ಲಿ ಮದ್ಯ ಮತ್ತು ಮಾಂಸದ ಮೇಲಿರುವಷ್ಟು ದೂರು ಬೇಳೆಯ ಮೇಲಿಲ್ಲ ಎಂದಷ್ಟು ಹೇಳಬಲ್ಲೆ.

ನಿಮಗೆ ಅರಿವಿಲ್ಲದೆಯೇ ನಮಗೆ ಬೇಕಾದ ವಸ್ತುವಿನ ಹೆಸರು ಹೇಳಿದ್ದೀರಿ. ಆ ಬಿಳಿ ಪದಾರ್ಥ ಬಹುಮಟ್ಟಿಗೆ ಯೂರೇಟ್ ಹರಳುಗಳ ರಾಶಿ. ಮೈಕ್ರೋಸ್ಕೋಪನ್ನು ಸರಿನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಮಾದರಿ ಇನ್ನೊಂದಿಲ್ಲ.

ಭೌತಶಾಸ್ತ್ರದ ಮೇಷ್ಟ್ರು

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ದ್ಯುತಿಶಾಸ್ತ್ರ ಪಾಠ ಮಾಡುವವನು ನಾನು. ರೋಗದ ಬಗ್ಗೆ ಏನೂ ತಿಳಿಯದು. ಟೇಪಿನ ವಿಷಯದಲ್ಲಿ ಮಾತ್ರ ಎರಡು ಮಾತು.

ಟೇಪನ್ನು ತಯಾರಿಸುವಾಗ ಒಂದು ದಿಕ್ಕಿಗೆ ಹೆಚ್ಚಾಗಿ ಎಳೆದಿರುತ್ತಾರೆ, ಆದ್ದರಿಂದ ಅದರೊಳಗೆ ಬೆಳಕು ಒಂದು ದಿಕ್ಕಿನಲ್ಲಿ ತುಸು ನಿಧಾನವಾಗಿ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ತುಸು ವೇಗವಾಗಿ ಸಾಗುತ್ತದೆ. ಈ ಎರಡರ ಅಂತರವು ಹಸಿರು ಬೆಳಕಿನ ಒಂದು ತರಂಗದಷ್ಟಾದಾಗ, ಎಂದರೆ ಸುಮಾರು 530ರಿಂದ 550 ನ್ಯಾನೋಮೀಟರ್ ಆದಾಗ, ಹಸಿರು ಅಳಿದು ಕೆಂಪು ಮತ್ತು ನೀಲಿ ಉಳಿದು ನಿಮಗೆ ಗುಲಾಬಿ ಕಾಣುತ್ತದೆ. ಹರಳು ಈ ಅಂತರಕ್ಕೆ ಕೊಂಚ ಕೂಡಿಸಿದರೆ ನೀಲಿ, ಕೊಂಚ ಕಳೆದರೆ ಹಳದಿ. ಇಡೀ ಆಟ ಇಷ್ಟೇ. ಆದರೆ ಅಂಗಡಿಯಲ್ಲಿ ಸಿಗುವ ಪ್ಯಾಕಿಂಗ್ ಟೇಪುಗಳು ಒಂದೇ ಬಗೆಯವಲ್ಲ. ಕೆಲವುಗಳಲ್ಲಿ ನಿಧಾನ ಅಕ್ಷ ಟೇಪಿನ ಉದ್ದಕ್ಕಿರುತ್ತದೆ, ಕೆಲವುಗಳಲ್ಲಿ ಅಗಲಕ್ಕಿರುತ್ತದೆ. ಉದ್ದಕ್ಕೇ ಇರಬೇಕು ಎಂದು ಊಹಿಸಿಕೊಂಡು ನೋಡಿದವರಿಗೆ ಗೌಟ್ ಎಲ್ಲ ಸೂಡೋಗೌಟ್ ಆಗಿ, ಸೂಡೋಗೌಟ್ ಎಲ್ಲ ಗೌಟ್ ಆಗಿ ಕಾಣಬಹುದು, ಅದೂ ಬಹಳ ಅಚ್ಚುಕಟ್ಟಾಗಿ.

ಬೆರಳಿನ ಗಂಟಿನ ಸುಣ್ಣ ಸಿಗುವವರೆಗೆ ಕಾಯಬೇಕಾಗಿಲ್ಲ. ಅಡುಗೆಮನೆಯಿಂದ ಒಂದು ಚಿಟಿಕೆ ಜೋಳದ ಹಿಟ್ಟು ತಂದು ಒಂದು ಹನಿ ನೀರಿನಲ್ಲಿ ಕಲಸಿ, ಕವರ್‌ಸ್ಲಿಪ್ ಹಾಕಿ ನೋಡಿ. ಪಿಷ್ಟದ ಪ್ರತಿ ಕಾಳಿನ ಮೇಲೂ ಒಂದು ಶಿಲುಬೆಯ ಗುರುತು ಕಾಣುತ್ತದೆ; ಶಿಲುಬೆಯ ನಡುವಿನ ನಾಲ್ಕು ಭಾಗಗಳಲ್ಲಿ ಎದುರುಬದುರಿನ ಎರಡು ನೀಲಿ, ಉಳಿದೆರಡು ಹಳದಿ. ಪಿಷ್ಟದಲ್ಲಿ ನಿಧಾನ ದಿಕ್ಕು ನಡುವಿನಿಂದ ಅಂಚಿನ ಕಡೆಗೆ ಹರಡಿರುತ್ತದೆ. ಆದ್ದರಿಂದ ಎರಡು ನೀಲಿ ಭಾಗಗಳನ್ನು ಜೋಡಿಸುವ ಗೆರೆಯೇ ನಿಮ್ಮ ಟೇಪಿನ ನಿಧಾನ ಅಕ್ಷ. ಆ ಗೆರೆಯನ್ನು ಟೇಪಿನ ಸ್ಲೈಡಿನ ಮೇಲೆ ಮಾರ್ಕರಿನಿಂದ ಬರೆದಿಟ್ಟುಕೊಳ್ಳಿ. ಟೇಪ್ ಬದಲಿಸಿದ ದಿನ ಮತ್ತೆ ನೋಡಿ.

ತಿರುಗುವ ಸ್ಟೇಜ್ ಇಲ್ಲದಿದ್ದರೂ ಚಿಂತೆಯಿಲ್ಲ. ಹರಳನ್ನು ತಿರುಗಿಸುವ ಬದಲು ಟೇಪಿನ ಸ್ಲೈಡನ್ನೇ 90 ಡಿಗ್ರಿ ತಿರುಗಿಸಿದರೆ ಬಣ್ಣಗಳು ಅದಲುಬದಲಾಗುತ್ತವೆ.

ಬೀದರ್ ಪಿಜಿ

ಜೋಳದ ಹಿಟ್ಟಿನ ಉಪಾಯ ಚೆನ್ನಾಗಿದೆ. ಆದರೂ ರೋಗಿಯ ವರದಿಯನ್ನು ಪ್ಯಾಕಿಂಗ್ ಟೇಪಿನ ಆಧಾರದ ಮೇಲೆ ಕೊಡುವುದನ್ನು ನಾನು ಒಪ್ಪಲಾರೆ. ಗುಣಮಟ್ಟದ ತಪಾಸಣೆಗೆ ಬಂದವರು ಕೇಳಿದರೆ ಏನು ಉತ್ತರ ಕೊಡುತ್ತೀರಿ?

ಭೌತಶಾಸ್ತ್ರದ ಮೇಷ್ಟ್ರು

ತಪಾಸಣೆಯವರಿಗೆ ಏನು ಹೇಳಬೇಕೆಂಬುದು ನಿಮ್ಮ ಇಲಾಖೆಗೆ ಬಿಟ್ಟದ್ದು. ಬೆಳಕಿಗೆ ಮಾತ್ರ ಟೇಪಿನ ಬೆಲೆ ಗೊತ್ತಾಗುವುದಿಲ್ಲ.

ಕಲಬುರಗಿ ಪೆಥಾಲಜಿ

ಟೇಪಿನ ಉಪಾಯ ನಿನ್ನೆ ಮೊನ್ನೆಯದಲ್ಲ. 1970ರ ದಶಕದಲ್ಲಿಯೇ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ. ನನ್ನ ಅಭಿಪ್ರಾಯದಲ್ಲಿ, ಅಕ್ಷವನ್ನು ಮಾದರಿಯಿಂದ ಗುರುತಿಸಿಕೊಂಡ ಟೇಪು, ಅಕ್ಷವನ್ನು ಎಂದೂ ಸರಿನೋಡದ ದುಬಾರಿ ಕಾಂಪೆನ್ಸೇಟರಿಗಿಂತ ಮೇಲು. ಆದರೆ ಈ ವಿಷಯದಲ್ಲಿ ಎಲ್ಲ ಪೆಥಾಲಜಿಸ್ಟರೂ ನನ್ನ ಮಾತನ್ನು ಒಪ್ಪುವುದಿಲ್ಲ ಎಂಬುದೂ ನಿಜ.

ಯಾದಗಿರಿ ಲ್ಯಾಬ್

ಮೇಷ್ಟ್ರಿಗೆ ಧನ್ಯವಾದ. ಜೋಳದ ಹಿಟ್ಟಿನಲ್ಲಿ ಶಿಲುಬೆ ಅಚ್ಚೊತ್ತಿದಂತೆ ಬಂತು. ನನ್ನ ಟೇಪಿನ ನಿಧಾನ ಅಕ್ಷ ಉದ್ದಕ್ಕಲ್ಲ, ಅಗಲಕ್ಕಿದೆ. ಗುರುತು ಹಾಕಿಕೊಂಡು ಮತ್ತೆ ಹೊಸ ಹನಿ ನೋಡಿದೆ.

ಹೊಳೆಯುವ ಚೂರುಗಳಲ್ಲಿ ಅಕ್ಷಕ್ಕೆ ಸಮಾನಾಂತರವಾಗಿ ಮಲಗಿದವು ಕೆಲವು ಹಳದಿಯಾಗಿವೆ, ಕೆಲವು ನೀಲಿಯಾಗಿವೆ. ಒಂದು ನಿಯಮ ಕಾಣುತ್ತಿಲ್ಲ. ಸೂಜಿ ಎಂದು ನಾನು ಬರೆದವುಗಳ ತುದಿ ಚೂಪಾಗಿಲ್ಲ, ಮುರಿದ ಗಾಜಿನ ಅಂಚಿನಂತಿದೆ. ಬಹುತೇಕ ಎಲ್ಲವೂ ಕಣಗಳ ಹೊರಗೇ ಇವೆ. ಹನಿಯನ್ನು ಹಾಕಿದ್ದು ಏನೂ ಬೆರೆಸದ ಸಾದಾ ಕೊಳವೆಯಿಂದ.

ಮೇಡಂ ಕೇಳಿದಂತೆ ಮನೆಯವರಿಗೆ ಫೋನ್ ಮಾಡಿ ವಿಚಾರಿಸಿದೆ. ಮೂರು ವಾರಗಳ ಹಿಂದೆ ಬೇರೊಂದು ಊರಿನಲ್ಲಿ ಮಂಡಿ ನೋವಿಗೆಂದು ಕೀಲಿನೊಳಕ್ಕೆ ಒಂದು ಇಂಜೆಕ್ಷನ್ ಕೊಡಿಸಿದ್ದರಂತೆ. ಔಷಧದ ಹೆಸರು ಗೊತ್ತಿಲ್ಲ. ಹಾಲಿನಂತೆ ಬೆಳ್ಳಗಿತ್ತು ಎನ್ನುತ್ತಾರೆ. ಬಿಳಿಕಣಗಳನ್ನು ಸಲೈನಿನಲ್ಲಿ ಎಣಿಸಿದಾಗ ಸುಮಾರು 22,000 ಬಂತು, ಅದರಲ್ಲಿ ನ್ಯೂಟ್ರೋಫಿಲ್ ಶೇಕಡ 90.

ಮೂಳೆ ಡಾಕ್ಟರ್, ಶಹಾಪುರ

ಹರಳಿನ ಚರ್ಚೆಯ ನಡುವೆ ಬಾಯಿ ಹಾಕುತ್ತಿದ್ದೇನೆ, ಏಕೆಂದರೆ ಈಗ ಇದು ನನ್ನ ಕ್ಷೇತ್ರಕ್ಕೆ ಬಂತು. ಮೂರು ವಾರಗಳ ಹಿಂದೆ ಕೀಲಿನೊಳಕ್ಕೆ ಸೂಜಿ ಹೋಗಿದೆ, ಬಹುಶಃ ಸ್ಟೀರಾಯ್ಡ್ ಹೋಗಿದೆ; ಈಗ ಮಂಡಿ ಬಿಸಿಯಾಗಿ ಊದಿ, ನೀರು ಮಬ್ಬಾಗಿದೆ. ಇಂಥ ಮಂಡಿಯಲ್ಲಿ ನಾನು ಮೊದಲು ಕೇಳುವುದು ಕೀವಾಗಿದೆಯೇ ಎಂದು. ಎಣಿಕೆ 50,000 ದಾಟಿದರೆ ಮಾತ್ರ ಸೋಂಕು ಎಂದು ಕೆಲವರು ಗೆರೆ ಎಳೆದುಕೊಂಡಿರುತ್ತಾರೆ. 22,000 ಇದ್ದೂ ಬ್ಯಾಕ್ಟೀರಿಯಾ ಬೆಳೆದ ಮಂಡಿಗಳಿವೆ, 60,000 ಇದ್ದೂ ಬರಿಯ ಗೌಟ್ ಆಗಿದ್ದ ಮಂಡಿಗಳಿವೆ. ಹರಳು ಸಿಕ್ಕಿತೆಂದು ಸೋಂಕು ಇಲ್ಲ ಎಂದಾಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು. ಗ್ರಾಂ ಸ್ಟೇನ್ ಮಾಡಿದಿರಾ? ಕಲ್ಚರಿಗೆ ಕಳಿಸಿದಿರಾ? ಮಂಡಿಯಿಂದ ತೆಗೆದ ಕೂಡಲೇ ಸ್ವಲ್ಪ ನೀರನ್ನು ಬ್ಲಡ್ ಕಲ್ಚರ್ ಬಾಟಲಿಗೇ ಹಾಕಿದ್ದರೆ ಬ್ಯಾಕ್ಟೀರಿಯಾ ಸಿಗುವ ಸಂಭವ ಹೆಚ್ಚು.

ಯಾದಗಿರಿ ಲ್ಯಾಬ್

ಗ್ರಾಂ ಸ್ಟೇನಿನಲ್ಲಿ ಏನೂ ಕಾಣಲಿಲ್ಲ ಸರ್. ಕಲ್ಚರಿಗೆ ನಿನ್ನೆಯೇ ಕಳಿಸಲಾಗಿದೆ. ಬಾಟಲಿಗೆ ಹಾಕಿದವರು ನೀರು ತೆಗೆದ ಡಾಕ್ಟರೇ.

ಮೂಳೆ ಡಾಕ್ಟರ್, ಶಹಾಪುರ

ಒಳ್ಳೆಯದಾಯಿತು. ಗ್ರಾಂ ಸ್ಟೇನಿನಲ್ಲಿ ಕಾಣಲಿಲ್ಲ ಎಂಬುದರ ಮೇಲೆ ಹೆಚ್ಚು ಭಾರ ಹಾಕಬೇಡಿ, ಸೋಂಕಿದ್ದಾಗಲೂ ಅದು ಎಷ್ಟೋ ಸಲ ಖಾಲಿ ಬರುತ್ತದೆ.

ಕಲಬುರಗಿ ಪೆಥಾಲಜಿ

ಡಾಕ್ಟರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಈಗ ಹೊಳೆಯುವ ಚೂರುಗಳಿಗೆ ಬರೋಣ. ಕೀಲಿನೊಳಕ್ಕೆ ಕೊಡುವ ಡಿಪೋ ಸ್ಟೀರಾಯ್ಡುಗಳು ನೀರಿನಲ್ಲಿ ಕರಗದ ಹರಳುಗಳೇ ಆಗಿವೆ. ಆ ಹಾಲಿನ ಬಣ್ಣ ಅದರದೇ. ಪೋಲರೈಸ್ಡ್ ಬೆಳಕಿನಲ್ಲಿ ಅವು ಯೂರೇಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊಳೆಯುತ್ತವೆ, ಮತ್ತು ವಾರಗಟ್ಟಲೆ ಮಂಡಿಯಲ್ಲಿ ಉಳಿಯುತ್ತವೆ. ಆಕಾರ ಅಡ್ಡಾದಿಡ್ಡಿ, ಬಣ್ಣಕ್ಕೆ ಒಂದೇ ನಿಯಮವಿಲ್ಲ, ಹೆಚ್ಚಿನವು ಕಣಗಳ ಹೊರಗೆ. ನಿಮ್ಮ ವಿವರಣೆ ಅದಕ್ಕೆ ಸರಿಹೊಂದುತ್ತದೆ. ಔಷಧದ ಅಂಗಡಿಯಿಂದ ಅಂಥ ಒಂದು ಬಾಟಲಿ ತಂದು ಒಂದು ಹನಿಯನ್ನು ಅದೇ ಟೇಪಿನ ಕೆಳಗೆ ನೋಡಿ ಹೋಲಿಸಿ. ಯೂರೇಟ್ ಆಗಿದ್ದರೆ, ನಿಧಾನ ಅಕ್ಷಕ್ಕೆ ಸಮಾನಾಂತರವಾಗಿ ಮಲಗಿದ ಪ್ರತಿ ಸೂಜಿಯೂ ಹಳದಿಯಾಗಿರಬೇಕಿತ್ತು. ಅದರಲ್ಲಿ ರಿಯಾಯಿತಿ ಇಲ್ಲ.

ನಿಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು ಎಂಬುದನ್ನೂ ನೆನಪಿಡಿ. ಅದರ ಧೂಳಿನ ಒಂದು ಕಣ ಸ್ಲೈಡಿನ ಮೇಲೆ ಕುಳಿತರೆ ಕಣ್ಣು ಕೋರೈಸುವಂತೆ ಹೊಳೆಯುತ್ತದೆ. ಪೌಡರ್ ಹಚ್ಚಿದ ಕೈಗವಸಿನ ಪಿಷ್ಟವೂ ಮೇಷ್ಟ್ರು ಹೇಳಿದ ಶಿಲುಬೆಯನ್ನೇ ತೋರಿಸುತ್ತದೆ. ಸ್ಲೈಡನ್ನೂ ಕವರ್‌ಸ್ಲಿಪ್ಪನ್ನೂ ಸ್ಪಿರಿಟಿನಿಂದ ಒರೆಸಿಯೇ ಬಳಸಿ. ಪುಡಿ ರೂಪದ ಇಡಿಟಿಎ, ಆಕ್ಸಲೇಟ್ ಅಥವಾ ಲಿಥಿಯಂ ಹೆಪಾರಿನ್ ಇರುವ ಕೊಳವೆಗಳೂ ತಮ್ಮದೇ ಹರಳುಗಳನ್ನು ತಂದು ಸುರಿಯುತ್ತವೆ. ಸಾದಾ ಕೊಳವೆಯಿಂದ ತೆಗೆದು ಒಳ್ಳೆಯ ಕೆಲಸ ಮಾಡಿದಿರಿ.

ಆದರೆ ನನ್ನ ಮೂರನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಪೋಲರೈಸರ್ ತೆಗೆದು ನೋಡಿದಿರಾ? ಹೊಳೆಯುವುದರ ಹಿಂದೆ ಬಿದ್ದವರ ಕಣ್ಣಿಗೆ ಪೈರೋಫಾಸ್ಫೇಟ್ ಬೀಳುವುದೇ ಇಲ್ಲ. 40ರ ಲೆನ್ಸ್ ಹಾಕಿ, ಕಂಡೆನ್ಸರನ್ನು ಕೆಳಗಿಳಿಸಿ, ಬೆಳಕನ್ನು ತಗ್ಗಿಸಿ. ನ್ಯೂಟ್ರೋಫಿಲ್ಲುಗಳನ್ನು ಒಂದೊಂದಾಗಿ, ಒಳಗೆ ಏನಿದೆ ಎಂದು ನೋಡುತ್ತ ಹೋಗಿ. ಸಹನೆ ಬೇಕಾದ ಕೆಲಸ.

ಯಾದಗಿರಿ ಲ್ಯಾಬ್

ನೋಡಿದೆ ಮೇಡಂ. ಮೊದಲ ಸ್ಲೈಡ್ ಅಷ್ಟರಲ್ಲಿ ಅಂಚಿನಿಂದ ಒಣಗತೊಡಗಿತ್ತು. ಇಲ್ಲಿ ಈಗ ಬಿಸಿಲು 42 ಡಿಗ್ರಿ, ತಲೆಯ ಮೇಲೆ ಫ್ಯಾನು. ಹೊಸ ಹನಿ ಹಾಕಿ, ಫ್ಯಾನ್ ನಿಲ್ಲಿಸಿ, ಕವರ್‌ಸ್ಲಿಪ್ಪಿನ ಸುತ್ತ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿ ಕುಳಿತೆ.

ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಂದು ಕಣದೊಳಗೆ ಸಣ್ಣ ಗುಳ್ಳೆಯಂಥ ಜಾಗ, ಅದರ ನಡುವೆ ಗಿಡ್ಡ ಕಡ್ಡಿಯೊಂದು ಸಿಕ್ಕಿತು. ಕಡ್ಡಿಯ ತುದಿ ಚೂಪಿಲ್ಲ, ಚಾಕುವಿನಿಂದ ಕತ್ತರಿಸಿದಂತೆ ನೆಟ್ಟಗಿದೆ. ಒಂದನ್ನು ಕಂಡ ಮೇಲೆ ಕಣ್ಣು ಪಳಗಿತೇನೋ, ಇನ್ನೂ ಕೆಲವು ಸಿಕ್ಕವು. ಎರಡು ಮೂರು ಹರಳುಗಳು ಓರೆಯಾಗಿ ತಳ್ಳಿದ ಚೌಕದಂತಿವೆ. ಉದ್ದ ಕಣದ ವ್ಯಾಸದ ಅರ್ಧದಷ್ಟೂ ಇಲ್ಲ. ಮೇಲಿನ ಪೋಲರೈಸರ್ ಮತ್ತೆ ಹಾಕಿದಾಗ ಅವುಗಳಲ್ಲಿ ಹೆಚ್ಚಿನವು ಗುಲಾಬಿಯಲ್ಲಿ ಕರಗಿ ಕಾಣದಂತಾದವು. ಎರಡು ಮಾತ್ರ ಮಸುಕಾಗಿ ಉಳಿದವು. ಅಕ್ಷಕ್ಕೆ ಸಮಾನಾಂತರವಾಗಿರುವಾಗ ತೆಳು ನೀಲಿ, ಟೇಪನ್ನು 90 ಡಿಗ್ರಿ ತಿರುಗಿಸಿದಾಗ ತೆಳು ಹಳದಿ.

ಬೀದರ್ ಪಿಜಿ

ಪೈರೋಫಾಸ್ಫೇಟ್ ಪಾಸಿಟಿವ್ ಎಂದರೆ ಹೊಳೆಯಬೇಕಲ್ಲವೇ? ಹೊಳೆಯದ ಹರಳನ್ನು ಪೈರೋಫಾಸ್ಫೇಟ್ ಎಂದು ಹೇಗೆ ಹೇಳುವುದು?

ಭೌತಶಾಸ್ತ್ರದ ಮೇಷ್ಟ್ರು

ಪಾಸಿಟಿವ್, ನೆಗೆಟಿವ್ ಎಂಬುದು ಹೊಳಪಿನ ಅಳತೆಯಲ್ಲ ಡಾಕ್ಟರೇ. ಹರಳಿನ ಉದ್ದದ ದಿಕ್ಕಿನಲ್ಲಿ ಬೆಳಕು ನಿಧಾನವೋ ವೇಗವೋ ಎಂಬುದನ್ನಷ್ಟೇ ಅದು ಹೇಳುತ್ತದೆ. ಎಷ್ಟು ಹೊಳೆಯುತ್ತದೆ ಎಂಬುದು ಆ ಎರಡು ವೇಗಗಳ ಅಂತರವನ್ನೂ ಹರಳಿನ ದಪ್ಪವನ್ನೂ ಅವಲಂಬಿಸಿದೆ. ಅಂತರವೂ ಕಡಿಮೆ, ಹರಳೂ ತೆಳು ಎಂದಾದರೆ ನಮ್ಮ ಕಣ್ಣಿಗೆ ಬಣ್ಣ ಬದಲಾದದ್ದೇ ತಿಳಿಯುವುದಿಲ್ಲ.

ಕಲಬುರಗಿ ಪೆಥಾಲಜಿ

ಮೇಷ್ಟ್ರು ಹೇಳಿದ್ದು ಲ್ಯಾಬಿನ ಅನುಭವಕ್ಕೂ ಸರಿಯಾಗಿದೆ. ಪೈರೋಫಾಸ್ಫೇಟ್ ಹರಳುಗಳಲ್ಲಿ ಬಹುಪಾಲು ಪೋಲರೈಸ್ಡ್ ಬೆಳಕಿನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಅವನ್ನು ಮೊದಲು ಬರಿಯ ಬೆಳಕಿನಲ್ಲಿ ಆಕಾರದಿಂದ ಹುಡುಕಬೇಕು. ಬಣ್ಣ ಸಿಕ್ಕರೆ ಅದು ಬೆಂಬಲದ ಸಾಕ್ಷಿ. ಯೂರೇಟಿಗೆ ಇದರ ಉಲ್ಟಾ: ಮೊದಲು ಹೊಳಪು, ಆಮೇಲೆ ಆಕಾರ. ಒಂದೇ ಕ್ರಮದಲ್ಲಿ ಎರಡನ್ನೂ ಹುಡುಕ ಹೊರಟರೆ ಒಂದು ತಪ್ಪಿಹೋಗುತ್ತದೆ, ಮತ್ತು ತಪ್ಪಿಹೋಗುವುದು ಹೆಚ್ಚಾಗಿ ಸೂಡೋಗೌಟೇ.

ಈ ಕಾಯಿಲೆ ಬೆಳಕಿಗೆ ಬಂದದ್ದೂ ಇಂಥದೇ ಗೊಂದಲದಿಂದ. ಕೀಲಿನ ನೀರಿನ ಯೂರೇಟ್ ಹರಳನ್ನು ಪೋಲರೈಸ್ಡ್ ಬೆಳಕಿನಲ್ಲಿ ಗುರುತಿಸುವ ವಿಧಾನವನ್ನು 1961ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲಾಂಡರ್ ಪ್ರಕಟಿಸಿದರು. ಹಾಗೆ ನೋಡುತ್ತಿರುವಾಗ, ಗೌಟ್‌ನಂತೆಯೇ ಮಂಡಿ ಊದಿದ ಕೆಲವರಲ್ಲಿ ಬೇರೆ ಬಗೆಯ ಹರಳು ಸಿಕ್ಕಿತು. ಯೂರೇಟನ್ನು ಕರಗಿಸುವ ಯೂರಿಕೇಸ್ ಎಂಬ ಕಿಣ್ವಕ್ಕೆ ಅದು ಜಗ್ಗಲಿಲ್ಲ. 1962ರಲ್ಲಿ ಸೂಡೋಗೌಟ್ ಎಂಬ ಹೆಸರು ಬಂದದ್ದು ಅದಕ್ಕೆ.

ನಿಮ್ಮ ಸ್ಲೈಡಿನಲ್ಲಿ ಕಣದೊಳಗೆ ಗಿಡ್ಡ ಕಡ್ಡಿ ಮತ್ತು ಓರೆ ಚೌಕ, ಸಮಾನಾಂತರದಲ್ಲಿ ತೆಳು ನೀಲಿ, ಹೆಚ್ಚಿನವು ಹೊಳೆಯದೇ ಇರುವುದು, ಇವೆಲ್ಲ ಪೈರೋಫಾಸ್ಫೇಟಿಗೆ ಹೊಂದುತ್ತವೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳುಗಳು ನ್ಯೂಟ್ರೋಫಿಲ್ಲುಗಳ ಒಳಗೆ ಕಂಡಿವೆ, ಯೂರೇಟ್ ಹರಳು ಕಂಡಿಲ್ಲ, ಕಣಗಳ ಹೊರಗಿನ ಹೊಳೆಯುವ ಹರಳುಗಳು ಇತ್ತೀಚಿನ ಇಂಜೆಕ್ಷನ್ನಿನವು ಇರಬಹುದು, ಸೋಂಕನ್ನು ಕಲ್ಚರಿನಿಂದಲೇ ತೀರ್ಮಾನಿಸಬೇಕು, ಪರೀಕ್ಷೆಯನ್ನು ತಾತ್ಕಾಲಿಕ ಕಾಂಪೆನ್ಸೇಟರಿನಲ್ಲಿ ಮಾಡಲಾಗಿದೆ.

ಬೀದರ್ ಪಿಜಿ

ಆ ಕೊನೆಯ ವಾಕ್ಯವೇ ವರದಿಯನ್ನು ದುರ್ಬಲಗೊಳಿಸುತ್ತದೆ ಮೇಡಂ. ತಾತ್ಕಾಲಿಕ ಎಂದು ನಾವೇ ಬರೆದ ಮೇಲೆ ಓದುವ ಡಾಕ್ಟರು ಅದನ್ನು ನಂಬಬೇಕೋ ಬಿಡಬೇಕೋ? ದೃಢಪಡಿಸಿಕೊಳ್ಳಲು ಕಲಬುರಗಿಗೆ ಕಳಿಸಿ, ಅಲ್ಲಿಂದಲೇ ವರದಿ ಬರಲಿ.

ಮೂಳೆ ಡಾಕ್ಟರ್, ಶಹಾಪುರ

ಓದುವ ಡಾಕ್ಟರು ನಾನೇ ಆಗಿದ್ದರೆ ಆ ವಾಕ್ಯ ಬೇಕು ಎನ್ನುತ್ತೇನೆ. ಇವತ್ತು ಸಂಜೆ ಬರುವ ಮಾತು ಸ್ವಲ್ಪ ಅನುಮಾನದ್ದಾದರೂ ನನಗೆ ಉಪಯೋಗವಿದೆ. ನಾಲ್ಕು ದಿನ ಬಿಟ್ಟು ಬರುವ ಖಚಿತವಾದ ಮಾತಿಗಿಂತ ಹೆಚ್ಚೇ ಇದೆ. ಆದರೆ ಹೊಳೆಯುವ ಹರಳುಗಳ ವಿಷಯದಲ್ಲಿ ನನಗೊಂದು ತಕರಾರಿದೆ. ಸ್ಟೀರಾಯ್ಡ್ ಹರಳು ತಾನೇ ಕೀಲನ್ನು ಕೆರಳಿಸಬಲ್ಲದು. ಹಾಗಿರುವಾಗ ಅಜ್ಜಿಯ ಮಂಡಿ ಊದಿದ್ದು ಪೈರೋಫಾಸ್ಫೇಟಿನಿಂದಲೇ ಎಂದು ಹೇಗೆ ಹೇಳುತ್ತೀರಿ?

ಕಲಬುರಗಿ ಪೆಥಾಲಜಿ

ಇಂಜೆಕ್ಷನ್ನಿನಿಂದ ಕೆರಳುವುದಾದರೆ ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಕೆರಳುತ್ತದೆ, ಮೂರು ವಾರಕ್ಕಲ್ಲ. ಕಣದೊಳಗೆ ಸಿಕ್ಕಿದ್ದು ಪೈರೋಫಾಸ್ಫೇಟ್. ಅಷ್ಟರಿಂದ ನಾನು ಆ ಕಡೆಗೆ ವಾಲುತ್ತೇನೆ. ಆದರೆ ವಯಸ್ಸಾದವರ ಮಂಡಿಯಲ್ಲಿ ಈ ಹರಳು ಸುಮ್ಮನೆ ಮಲಗಿರುವುದೂ ಉಂಟು. ಬೇರೆ ಕಾರಣಕ್ಕೆ ಊದಿದ ಮಂಡಿಯಲ್ಲೂ ಅದು ಸಿಕ್ಕೀತು. ಸ್ಲೈಡಿನಿಂದ ಇದಕ್ಕಿಂತ ಮುಂದೆ ಹೋಗಲು ನನಗೆ ಸಾಧ್ಯವಿಲ್ಲ. ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಮೃದ್ವಸ್ಥಿಯಲ್ಲಿ ತೆಳು ಬಿಳಿ ಗೆರೆ ಇದೆಯೇ ಎಂದು ನೀವೇ ನೋಡಿ ಹೇಳಬೇಕು.

ಕಲಬುರಗಿಗೆ ಕಳಿಸುವುದಾದರೆ ಇಂದೇ ಕಳಿಸಿ, ಬಿಸಿಲಿನ ಬಸ್ಸಿನಲ್ಲಿ ಹಾಗೆಯೇ ಅಲ್ಲ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ. ಯೂರೇಟ್ ತಡೆದುಕೊಳ್ಳುತ್ತದೆ, ಪೈರೋಫಾಸ್ಫೇಟ್ ಹರಳುಗಳು ಹೊರಗಿನ ಶಾಖದಲ್ಲಿ ದಿನಗಳು ಕಳೆದಂತೆ ಕಡಿಮೆಯಾಗುತ್ತವೆ, ಕಣಗಳೂ ಒಡೆದುಹೋಗುತ್ತವೆ. ಆಗ ಕಣದೊಳಗಿತ್ತೋ ಹೊರಗಿತ್ತೋ ಎಂಬ ಮುಖ್ಯ ಸಾಕ್ಷಿಯೇ ಅಳಿಸಿಹೋಗುತ್ತದೆ.

ಯಾದಗಿರಿ ಲ್ಯಾಬ್

ಮೇಡಂ ಹೇಳಿದ ಮಾತುಗಳಲ್ಲೇ ವರದಿ ಕೊಟ್ಟು, ಉಳಿದ ನೀರನ್ನು ಐಸ್ ಡಬ್ಬಿಯಲ್ಲಿ ನಿನ್ನೆ ಕಳಿಸಿದೆ. ಅಂಗಡಿಯಿಂದ ಟ್ರಯಾಮ್ಸಿನೋಲೋನ್ ತಂದು ನೋಡಿದೆ. ಅದೇ ಮುರಿದ ಅಂಚು, ಅದೇ ಜೋರು ಹೊಳಪು, ಬಣ್ಣಕ್ಕೆ ನಿಯಮವಿಲ್ಲ. ಅಜ್ಜಿಗೆ ಕೊಟ್ಟದ್ದು ಅದೇ ಔಷಧವೋ ಅಲ್ಲವೋ ತಿಳಿಯದು. ಎಕ್ಸ್‌ರೇಯಲ್ಲಿ ಬಿಳಿ ಗೆರೆ ಎರಡೂ ಮಂಡಿಗಳಲ್ಲಿ ಇದೆ ಎಂದು ಡಾಕ್ಟರು ತಿಳಿಸಿದ್ದಾರೆ. ಕಲ್ಚರಿನಲ್ಲಿ 48 ಗಂಟೆಗಳವರೆಗೆ ಏನೂ ಬೆಳೆದಿಲ್ಲ.

ಮೂಳೆ ಡಾಕ್ಟರ್, ಶಹಾಪುರ

48 ಗಂಟೆ ಒಳ್ಳೆಯ ಸುದ್ದಿ, ಕೊನೆಯ ಸುದ್ದಿ ಅಲ್ಲ. ಬಾಟಲಿಯನ್ನು ಐದು ದಿನ ಇಡಲಿ. ಅಲ್ಲಿಯವರೆಗೆ ಆ ಮಂಡಿಗೆ ಮತ್ತೆ ಸ್ಟೀರಾಯ್ಡ್ ಚುಚ್ಚುವುದನ್ನು ನಾನಂತೂ ಮಾಡುವುದಿಲ್ಲ; ಮಾಡುವವರಿದ್ದಾರೆ ಎಂದೂ ಗೊತ್ತು. ಯೂರಿಕ್ ಆಮ್ಲ 7.6 ಎಂಬ ಕಾರಣಕ್ಕೆ ಯಾರಾದರೂ ಅಲೋಪ್ಯೂರಿನಾಲ್ ಬರೆದಿದ್ದರೆ, ಈ ಸ್ಲೈಡ್ ನೋಡಿದ ಮೇಲೆ ಅದು ಯಾತಕ್ಕೆ ಎಂದು ಅವರನ್ನು ಕೇಳಬೇಕು. ಅದರಿಂದ ಪೈರೋಫಾಸ್ಫೇಟ್ ಕರಗುವುದಿಲ್ಲ.

ಸೇಡಂ ಶಿಕ್ಷಕ

ನಮ್ಮ ತಂದೆಯವರ ಬೆರಳಿನ ಪದಾರ್ಥ ಮಾದರಿಗೆ ಬೇಕು ಎಂದಿರಿ. ಮುಂದಿನ ಸಲ ಒಡೆದಾಗ ನಾನೇ ಹಿಂಡಿ ಒಂದು ಡಬ್ಬಿಯಲ್ಲಿ ನೀರು ಹಾಕಿ ಇಟ್ಟುಕೊಂಡು ಯಾದಗಿರಿಗೆ ತಂದುಕೊಡಲೇ?

ಕಲಬುರಗಿ ಪೆಥಾಲಜಿ

ಹಿಂಡಬೇಡಿ ಸರ್, ಸೋಂಕು ತಗುಲಿದರೆ ಆ ಗಾಯ ಬೇಗ ಮಾಯುವುದಿಲ್ಲ. ನೀರಂತೂ ಬೇಡವೇ ಬೇಡ; ಯೂರೇಟ್ ನೀರಿನಲ್ಲಿ ಕರಗುತ್ತ ಹೋಗುತ್ತದೆ, ಫಾರ್ಮಲಿನ್ನಿನಲ್ಲೂ ಹಾಗೆಯೇ. ತಾನಾಗಿ ಒಡೆದಾಗ ತಂದೆಯವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಗಾಯ ಶುಚಿ ಮಾಡುವಾಗ ಅವರು ಸಾಸಿವೆ ಕಾಳಿನಷ್ಟು ಪದಾರ್ಥವನ್ನು ಒಣ ಸ್ಲೈಡಿನ ಮೇಲೆ ತೆಳುವಾಗಿ ಸವರಿ ಕೊಟ್ಟರೆ ಸಾಕು. ಯಾದಗಿರಿಯವರು ಅದರ ಮೇಲೆ ಒಂದು ಹನಿ ಇಮ್ಮರ್ಶನ್ ಆಯಿಲ್ ಹಾಕಿ, ಕವರ್‌ಸ್ಲಿಪ್ಪಿನ ಅಂಚನ್ನು ಮುಚ್ಚಿ, ನಿಧಾನ ಅಕ್ಷಕ್ಕೆ ಸಮಾನಾಂತರವಾದ ಸೂಜಿಗಳು ಹಳದಿಯಾಗುತ್ತವೆಯೇ ಎಂದು ಜೋಳದ ಹಿಟ್ಟಿನೊಂದಿಗೆ ತಾಳೆ ನೋಡಲಿ. ಎರಡೂ ಒಂದೇ ಅಕ್ಷವನ್ನು ತೋರಿಸದಿದ್ದರೆ ಇಲ್ಲಿಯೇ ಬರೆಯಿರಿ, ಮೇಷ್ಟ್ರನ್ನು ಕೇಳೋಣ.